‘ನೀನೇ ಬರ್ಕೊಂಡ್ ಬಾ, ಸೈನ್ ಹಾಕ್ತೀನಿ’

ನಮ್ಮ ಕಾಲೇಜು ಮೇಷ್ಟ್ರುಗಳ ಮೇಲೆ ನಮಗೊಂದು ತಕರಾರಿದೆ. ಡಿಗ್ರಿ ಮುಗಿಸಿದ ಹುಡುಗನೋ ಹುಡುಗಿಯೋ ಮುಂದೆ ಓದಲು ಅರ್ಜಿ ಹಾಕುವಾಗ ‘ಸಾರ್, ಒಂದು ರೆಫರೆನ್ಸ್ ಲೆಟರ್ ಬೇಕಿತ್ತು’ ಅಂತ ಹೋದರೆ, ಹತ್ತರಲ್ಲಿ ಎಂಟು ಕಡೆ ಬರುವ ಉತ್ತರ ಈ ತಲೆಬರಹದಲ್ಲಿದೆ. ಹುಡುಗಿ ಸೈಬರ್ ಸೆಂಟರಿಗೆ ಹೋಗುತ್ತಾಳೆ. ಅಲ್ಲಿ ಕಂಪ್ಯೂಟರಿನಲ್ಲಿ ಮೊದಲೇ ಒಂದು ನಮೂನೆ ಇರುತ್ತದೆ: ‘ಇವರನ್ನು ಮೂರು ವರ್ಷದಿಂದ ಬಲ್ಲೆ. ಶ್ರಮಜೀವಿ, ಪ್ರಾಮಾಣಿಕಳು, ಒಳ್ಳೆಯ ನಡತೆಯವಳು. ಇವರ ಭವಿಷ್ಯ ಉಜ್ವಲವಾಗಲಿ.’ ಹೆಸರು ಬದಲಾಯಿಸಿ ಪ್ರಿಂಟ್ ತೆಗೆಸಿದರೆ ಆಯಿತು. ಮೇಷ್ಟ್ರು ಓದದೆ ಸಹಿ ಹಾಕುತ್ತಾರೆ.

ಅದು ರೆಫರೆನ್ಸ್ ಲೆಟರ್ ಅಲ್ಲ. ಟಿ.ಸಿ. ಜೊತೆ ಕೊಡುವ ನಡತೆ ಪ್ರಮಾಣಪತ್ರಕ್ಕೆ ಇಂಗ್ಲಿಷ್ ಅಂಗಿ ತೊಡಿಸಿದ್ದು ಅಷ್ಟೇ.

ನಮ್ಮ ಕಡೆ ಈ ಕಾಗದದ ಪರಿಚಯವೇ ಕಡಿಮೆ. ಮಾಮೂಲಿ ಪಿ.ಜಿ. ಸೀಟಿಗೆ ಅಂಕಪಟ್ಟಿ ಮತ್ತು ಪ್ರವೇಶ ಪರೀಕ್ಷೆ ಸಾಕಾಗುತ್ತದೆ. ಆದರೆ ಕೆಲವು ಸಂಶೋಧನಾ ಸಂಸ್ಥೆಗಳು, ವಿದೇಶದ ವಿಶ್ವವಿದ್ಯಾಲಯಗಳು, ಕೆಲವು ದೊಡ್ಡ ವಿದ್ಯಾರ್ಥಿವೇತನಗಳು ಪಾಠ ಮಾಡಿದವರ ಮಾತನ್ನೂ ಕೇಳುತ್ತವೆ. ಊರಲ್ಲಿ ‘ಶಿಫಾರಸು ಪತ್ರ’ ಅಂದರೆ ಎಂಎಲ್‌ಎ ಲೆಟರು ಅಂತಲೇ ಅರ್ಥ. ತಾಂಡ್ಯದ ಕಾರ್ಖಾನೆಗೆ ಮಗನನ್ನು ಸೇರಿಸಲು ಯಾರ ಕೈಕಾಲು ಹಿಡಿಯಬೇಕು ಅಂತ ಗೊತ್ತಿರುವ ಅಪ್ಪ, ಮಗಳಿಗೂ ಅಂಥದ್ದೇ ಒಂದು ಲೆಟರ್ ತರಲು ಹೊರಡುತ್ತಾನೆ. ಎರಡೂ ಬೇರೆ. ಒಂದು ದಯೆ ಕೇಳುವ ಕಾಗದ, ಇನ್ನೊಂದು ಕಣ್ಣಾರೆ ಕಂಡದ್ದನ್ನು ಹೇಳುವ ಕಾಗದ. 1916ರಲ್ಲಿ ಡಾ. ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾದಿಂದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಹೋದಾಗ, ಅವರಿಗೆ ಅರ್ಥಶಾಸ್ತ್ರ ಕಲಿಸಿದ್ದ ಸೆಲಿಗ್ಮನ್ ಅಲ್ಲಿನ ಅರ್ಥಶಾಸ್ತ್ರದ ಪ್ರೊಫೆಸರ್ ಫಾಕ್ಸ್‌ವೆಲ್‌ಗೆ ಅವರ ಬಗ್ಗೆ ಬರೆದಿದ್ದರು. ಪಾಠ ಹೇಳಿದವರು ಅದೇ ವಿಷಯ ಬಲ್ಲ ಇನ್ನೊಬ್ಬರಿಗೆ ಬರೆದ ಕಾಗದ ಅದು. ಊರೂರಲ್ಲೂ ಅವರ ಪ್ರತಿಮೆ ನಿಲ್ಲಿಸಿದ ನಮಗೆ ಈ ಸಂಗತಿಯೂ ಗೊತ್ತಿರಬೇಕು.

ಈಗ ನಮ್ಮ ಕಣ್ಣೆದುರಿನ ಕಥೆ. ತಾಂಡ್ಯ ಪಕ್ಕದ ಹಳ್ಳಿಯ ಹುಡುಗಿ, ಸಸ್ಯಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಮಾಡಿದವಳು. ಹೊರರಾಜ್ಯದ ಒಂದು ಸಂಶೋಧನಾ ಸಂಸ್ಥೆಯ ಎಂ.ಎಸ್ಸಿ.ಗೆ ಅರ್ಜಿ ಹಾಕಿದಳು. ಮೊದಲ ವರ್ಷ ಸೈಬರ್ ಸೆಂಟರಿನ ನಮೂನೆಯೇ ಹೋಯಿತು, ಸಂದರ್ಶನಕ್ಕೆ ಕರೆ ಬರಲಿಲ್ಲ. ಕಾಗದದಿಂದಲೇ ಹಾಗಾಯಿತು ಅಂತ ನಾವು ಹೇಳುವುದಿಲ್ಲ. ಯಾಕೆ ಬರಲಿಲ್ಲ ಅಂತ ಸಂಸ್ಥೆ ತಿಳಿಸಲಿಲ್ಲ. ಎರಡನೇ ವರ್ಷ ಅವಳು ಬೇರೆ ಮೇಷ್ಟ್ರ ಹತ್ತಿರ ಹೋದಳು. ಅವರು ಅತಿಥಿ ಉಪನ್ಯಾಸಕರು, ಅಷ್ಟರಲ್ಲಿ ಕಾಲೇಜೂ ಬದಲಾಗಿತ್ತು. ‘ನಿನ್ನ ಬಗ್ಗೆ ಹೇಳಕ್ಕೆ ಬೇಕಾದಷ್ಟಿದೆ ಕಣಮ್ಮ, ಆದ್ರೆ ಎಲ್ಲಾ ಎಲ್ಲೆಲ್ಲೋ ಇದೆ’ ಅಂದರು. ನಮ್ಮಲ್ಲಿಬ್ಬರು ಅವರ ಹಳೇ ವಿದ್ಯಾರ್ಥಿಗಳು. ಒಂದು ಭಾನುವಾರ ಅವರ ಮನೆಗೆ ಹೋಗಿ ಕೂತೆವು. ಹುಡುಗಿಯನ್ನು ಕರೆಯಲಿಲ್ಲ, ಯಾಕೆಂದರೆ ಇಂಥ ಕಾಗದವನ್ನು ಅರ್ಜಿದಾರರು ನೋಡುವಂತಿಲ್ಲ. ಪ್ರವೇಶವೆಲ್ಲ ಮುಗಿದ ಮೇಲೆ ಇಬ್ಬರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇವೆ.

‘ಎಲ್ಲೆಲ್ಲೋ’ ಅಂದರೆ ನಿಜಕ್ಕೂ ಎಲ್ಲೆಲ್ಲೋ. ಹಳೇ ಡೈರಿಯ ಅಂಚಿನಲ್ಲಿ ಪೆನ್ಸಿಲ್ಲಿನ ಎರಡು ಸಾಲು. ಇಂಟರ್ನಲ್ ಅಂಕಗಳ ಪಟ್ಟಿಯ ಫೋಟೊ. ಹುಡುಗಿಯ ಪ್ರಾಜೆಕ್ಟ್ ಪುಸ್ತಕದ ಜೆರಾಕ್ಸ್. ವಾಟ್ಸಾಪಿನಲ್ಲಿ ಅವಳು ಕಳಿಸಿದ್ದ ಬಾಳೆ ದಿಂಡಿನ ಚಿತ್ರಗಳು. ಉಳಿದದ್ದು ಮೇಷ್ಟ್ರ ತಲೆಯಲ್ಲಿ. ಎಲ್ಲವನ್ನೂ ಚೀಟಿಗಳಲ್ಲಿ ಬರೆದು ನೆಲದ ಮೇಲೆ ಹರಡಿದೆವು. ಇಪ್ಪತ್ತಮೂರು ಚೀಟಿ ಆದವು.

ಮೊದಲು ಮೇಷ್ಟ್ರು ತಾವೇ ಕಂಡದ್ದು, ಬೇರೆಯವರಿಂದ ಕೇಳಿದ್ದು, ತಮಗೆ ಅನ್ನಿಸಿದ್ದು ಅಂತ ಬೇರೆ ಮಾಡಿದೆವು. ‘ಎನ್‌ಎಸ್‌ಎಸ್ ಕ್ಯಾಂಪಲ್ಲಿ ತುಂಬಾ ಚೆನ್ನಾಗಿ ಮಾಡಿದ್ಲಂತೆ’ ಅನ್ನುವ ಚೀಟಿ ಆಚೆ ಹೋಯಿತು, ಕ್ಯಾಂಪಿಗೆ ಮೇಷ್ಟ್ರು ಹೋಗಿರಲಿಲ್ಲ. ‘ಬಡ ಕುಟುಂಬ, ದಯವಿಟ್ಟು ಸೀಟು ಕೊಡಿ’ ಅನ್ನುವುದೂ ಹೋಯಿತು. ಅದಕ್ಕೆ ಸ್ವಲ್ಪ ಜಗಳವೇ ಆಯಿತು. ‘ಕಷ್ಟ ಹೇಳ್ಕೊಂಡ್ರೆ ತಪ್ಪೇನ್ರೋ?’ ಅಂದರು. ಆದಾಯ, ಮೀಸಲಾತಿ ಹೇಳಿಕೊಳ್ಳಲು ಅರ್ಜಿಯಲ್ಲೇ ಬೇರೆ ಜಾಗ ಇದೆ ಸಾರ್, ನಿಮ್ಮನ್ನು ಕೇಳಿರುವುದು ಅವಳ ಕೆಲಸದ ಬಗ್ಗೆ, ಅಂದೆವು. ‘ಕಷ್ಟಪಟ್ಟು ಓದುವ, ವಿಧೇಯ ಹುಡುಗಿ’ ಅನ್ನುವುದನ್ನೂ ತೆಗೆಸಿದೆವು. ಇದು ನಮ್ಮ ಹಟ ಅಲ್ಲ. ಅಮೆರಿಕದ ಒಂದು ವೈದ್ಯಕೀಯ ಕಾಲೇಜಿಗೆ ಬಂದಿದ್ದ ಮುನ್ನೂರಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಟ್ರಿಕ್ಸ್ ಮತ್ತು ಸೆಂಕಾ ಅನ್ನುವ ಇಬ್ಬರು ಓದಿ 2003ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಹೆಂಗಸರ ಬಗೆಗಿನ ಪತ್ರಗಳು ಚಿಕ್ಕವಿದ್ದವು, ಅವರ ಸಂಶೋಧನೆಗಿಂತ ದುಡಿಮೆಯ ಹೊಗಳಿಕೆ ಅವುಗಳಲ್ಲಿ ಹೆಚ್ಚಿತ್ತು. ಗಂಡು ಹುಡುಗನಿಗೆ ‘ಬುದ್ಧಿವಂತ’, ಹೆಣ್ಣುಮಗಳಿಗೆ ‘ಶ್ರಮಜೀವಿ’: ಈ ರೋಗ ನಮ್ಮ ಸ್ಟಾಫ್ ರೂಮಿನಲ್ಲೂ ಇದೆ.

ಹನ್ನೊಂದು ಚೀಟಿ ಉಳಿದವು. ಅವುಗಳಲ್ಲಿ ಒಂದು ಡೈರಿಯ ಅಂಚಿನದು: ‘ಬಾಳೆ. ಎರಡು ತೋಟ ಹೊಡೆದು ಹಾಕಿದಳು. ತಾನೇ.’ ಇದೇನು ಸಾರ್ ಅಂತ ಕೇಳಿದೆವು. ಮೇಷ್ಟ್ರು ಎದ್ದು ಕೂತರು.

ಅವಳ ಪ್ರಾಜೆಕ್ಟ್ ನಂಜನಗೂಡು ರಸಬಾಳೆಯ ಪನಾಮ ಸೊರಗು ರೋಗದ ಮೇಲೆ. ಮಣ್ಣಿನಲ್ಲಿರುವ ಫ್ಯುಸೇರಿಯಂ ಅನ್ನುವ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ಗಿಡದ ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ. ಕೆಳಗಿನ ಎಲೆ ಮೊದಲು ಹಳದಿಯಾಗಿ ಜೋತುಬೀಳುತ್ತದೆ, ದಿಂಡು ಬುಡದ ಹತ್ತಿರ ಸೀಳುತ್ತದೆ. ಆದರೆ ನೀರು ಸಾಲದಿದ್ದರೂ ಎಲೆ ಹಳದಿಯಾಗುತ್ತದೆ. ದಿಂಡು ಕೊಯ್ದು ನೋಡಿದರೆ ಒಳಗೆ ಕಂದುಗೆಂಪು ಗೆರೆ ಕಂಡರೆ ಮಾತ್ರ ಸೊರಗಿನ ಅನುಮಾನ ಗಟ್ಟಿ. ಹುಡುಗಿ ಎಂಟು ತೋಟ ಸುತ್ತಿ, ಆರರಲ್ಲಿ ರೋಗ ಇದೆ ಅಂತ ಬರೆದು ತಂದಿದ್ದಳು. ಮೇಷ್ಟ್ರು ಒಪ್ಪಿದ್ದರು. ಎರಡು ವಾರ ಬಿಟ್ಟು ಅವಳೇ ಬಂದು, ‘ಸಾರ್, ಎರಡು ತೋಟದಲ್ಲಿ ನಾನು ಎಲೆ ನೋಡಿ ಬರೆದಿದ್ದೆ, ದಿಂಡು ಕೊಯ್ದಿರಲಿಲ್ಲ. ಮತ್ತೆ ಹೋಗಿ ಕೊಯ್ದೆ. ಗೆರೆ ಇಲ್ಲ’ ಅಂದಳು. ಆರನ್ನು ಹೊಡೆದು ನಾಲ್ಕು ಮಾಡಿದಳು. ಉಳಿದ ನಾಲ್ಕರ ದಿಂಡಿನ ತುಂಡನ್ನು ತಿಳಿನೀರಿನ ಲೋಟದಲ್ಲಿ ಇಳಿಬಿಟ್ಟೂ ನೋಡಿದ್ದಳು. ಬ್ಯಾಕ್ಟೀರಿಯದ ಸೊರಗಾದರೆ ಹಾಲಿನಂಥ ಎಳೆ ಇಳಿಯುತ್ತದೆ, ಇಲ್ಲಿ ಇಳಿಯಲಿಲ್ಲ. ವಾಟ್ಸಾಪಿನ ಚಿತ್ರಗಳು ಇವೇ.

ನೋಡಿ, ಸೈಬರ್ ಸೆಂಟರಿನ ‘ಪ್ರಾಮಾಣಿಕಳು’ ಅನ್ನುವ ಪದದ ಹಿಂದೆ ಇಷ್ಟು ಸತ್ತು ಬಿದ್ದಿತ್ತು.

ಆಮೇಲೆ ಜೋಡಿಸುವುದು ಕಷ್ಟವಾಗಲಿಲ್ಲ. ಓದುವವರಿಗೆ ಮೊದಲು ಏಳುವ ಪ್ರಶ್ನೆ ‘ಇವರ ಮಾತನ್ನು ನಾನೇಕೆ ನಂಬಲಿ’ ಅನ್ನುವುದು. ಅದಕ್ಕೇ ಮೊದಲ ಪ್ಯಾರಾದಲ್ಲಿ ಮೇಷ್ಟ್ರು ಯಾರು, ಯಾವ ಪೇಪರ್ ಪಾಠ ಮಾಡಿದರು, ಎಷ್ಟು ಸೆಮಿಸ್ಟರ್, ಪ್ರಾಜೆಕ್ಟಿಗೆ ಅವರೇ ಮಾರ್ಗದರ್ಶಕರು ಅನ್ನುವುದು ಬಂತು. ಎರಡನೆಯದರಲ್ಲಿ ಹೋಲಿಕೆ: ‘ಆ ವರ್ಷದ 38 ವಿದ್ಯಾರ್ಥಿಗಳಲ್ಲಿ ಪ್ರಯೋಗದ ಕೆಲಸದಲ್ಲಿ ಮೊದಲ ಮೂವರಲ್ಲಿ ಒಬ್ಬಳು.’ ‘ಅತ್ಯುತ್ತಮ’ ಅಂತ ಬರೆಯಲು ಮೇಷ್ಟ್ರು ಹೊರಟಿದ್ದರು. ಪಟ್ಟಿ ತೆಗೆದು ನೋಡಿದಾಗ ಇನ್ನಿಬ್ಬರು ಸರಿಸಮ ಇದ್ದರು, ಇದ್ದದ್ದನ್ನೇ ಬರೆದರು. ಮೂರನೆಯದು ಎಲ್ಲಕ್ಕಿಂತ ಉದ್ದ, ಬಾಳೆ ತೋಟದ ಕಥೆ ಪೂರ್ತಿ ಅಲ್ಲೇ. ಮೂಲ ಇಂಗ್ಲಿಷಿನಲ್ಲಿದೆ, ಅದರ ಕೊನೆ ಕನ್ನಡದಲ್ಲಿ ಹೀಗಾಗುತ್ತದೆ: ‘ನಾನು ಆಗಲೇ ಒಪ್ಪಿದ್ದ ವರದಿ ಅದು. ತಿದ್ದದೆ ಬಿಟ್ಟಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ. ತಿದ್ದಿದ್ದರಿಂದ ಅವಳ ಪ್ರಾಜೆಕ್ಟಿನ ಫಲಿತಾಂಶ ಚಿಕ್ಕದಾಯಿತು, ಆದರೂ ತಿದ್ದಿದಳು.’

ನಾಲ್ಕನೇ ಪ್ಯಾರಾ ಬಗ್ಗೆ ಎಲ್ಲ ಮೇಷ್ಟ್ರಿಗೂ ಹೆದರಿಕೆ. ಐದನೇ ಸೆಮಿಸ್ಟರಿನಲ್ಲಿ ಅವಳ ಇಂಟರ್ನಲ್ 40ಕ್ಕೆ 19. ಮುಚ್ಚಿಡೋಣ ಅಂದರು. ಅಂಕಪಟ್ಟಿ ಅವರ ಕೈಲೇ ಇರುವಾಗ ಮುಚ್ಚಿಡುವುದೆಲ್ಲಿ? ಆ ತಿಂಗಳುಗಳಲ್ಲಿ ಅವಳ ಅಪ್ಪನ ಗುತ್ತಿಗೆ ಕೆಲಸ ಹೋಗಿ, ಅವಳು ತಾಂಡ್ಯದ ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿಗೆ ಪ್ಯಾಕಿಂಗ್ ಮಾಡುತ್ತಿದ್ದಳು. ಬರೆಯಬಹುದಾ ಅಂತ ಮೇಷ್ಟ್ರು ಫೋನ್ ಮಾಡಿ ಕೇಳಿದರು. ‘ಕೆಲಸಕ್ಕೆ ಹೋಗ್ತಿದ್ದೆ ಅಂತ ಬರೀರಿ ಸಾರ್, ಅಪ್ಪನ ವಿಷ್ಯ ಬೇಡ’ ಅಂದಳು. ಎರಡೇ ಸಾಲು ಬರೆದರು: ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದಳು, ಅಂಕ ಇಳಿಯಿತು, ಕೆಲಸ ಬಿಟ್ಟ ಮೇಲಿನ ಸೆಮಿಸ್ಟರಿನಲ್ಲಿ 40ಕ್ಕೆ 34. ಕಣ್ಣೀರಿಲ್ಲ, ವಿಶೇಷಣವಿಲ್ಲ. ಕೊನೆಯಲ್ಲಿ ಈ ಕೋರ್ಸಿಗೆ ಯಾಕೆ ಹೊಂದುತ್ತಾಳೆ ಅನ್ನುವುದು, ಲ್ಯಾಬಿನ ಆಧುನಿಕ ಉಪಕರಣಗಳ ಅಭ್ಯಾಸ ಅವಳಿಗಿಲ್ಲ, ಕಲಿಸಬೇಕಾಗುತ್ತದೆ ಅನ್ನುವುದು, ಮೇಷ್ಟ್ರ ಫೋನ್ ನಂಬರು. ಎಲ್ಲ ಸೇರಿ ಒಂದು ಪುಟ, ಅದರ ಮೇಲೆ ನಾಲ್ಕು ಸಾಲು.

‘ಎಂಬತ್ತು ಮಕ್ಕಳಿಗೆ ಹೀಗೆ ಕೂತರೆ ನಮ್ಮ ಗತಿಯೇನು?’ ಅನ್ನುತ್ತೀರಿ. ಎಂಬತ್ತು ಮಂದಿ ಕೇಳುವುದಿಲ್ಲ, ವರ್ಷಕ್ಕೆ ಇಬ್ಬರೋ ಮೂವರೋ ಕೇಳುತ್ತಾರೆ. ನಿಜವಾಗಿಯೂ ಏನೂ ಕಂಡಿಲ್ಲವಾದರೆ ‘ನನಗೆ ನಿನ್ನ ಕೆಲಸ ಗೊತ್ತಿಲ್ಲಮ್ಮ, ಬಲ್ಲವರನ್ನು ಕೇಳು’ ಅನ್ನಿ, ಅದು ಸಹಿಗಿಂತ ದೊಡ್ಡ ಉಪಕಾರ. ‘ಇಂಗ್ಲಿಷ್ ಬರಲ್ಲ’ ಅನ್ನುವವರೂ ಇದ್ದಾರೆ. ಈ ಮೇಷ್ಟ್ರೂ ಮೊದಲು ಕನ್ನಡದಲ್ಲೇ ಬರೆದದ್ದು, ಆಮೇಲೆ ಇಂಗ್ಲಿಷ್ ಮೇಷ್ಟ್ರೊಬ್ಬರು ಕಾಗುಣಿತ ತಿದ್ದಿಕೊಟ್ಟರು. ಅತಿಥಿ ಉಪನ್ಯಾಸಕರ ಅಹವಾಲು ಮಾತ್ರ ನ್ಯಾಯವಾದದ್ದು. ವರ್ಷ ವರ್ಷ ಕೆಲಸ ಹೋಗುತ್ತದೋ ಉಳಿಯುತ್ತದೋ ಅನ್ನುವವರಿಗೆ ಕಾಲೇಜಿನ ಲೆಟರ್‌ಹೆಡ್ಡೂ ಇಲ್ಲ, ಕಾಲೇಜಿನ ಇಮೇಲೂ ಇಲ್ಲ. ಸಂಸ್ಥೆಯ ಲಿಂಕ್ ನೇರ ಮೇಷ್ಟ್ರ ಇಮೇಲಿಗೇ ಬರುತ್ತದೆ, ಕಾಗದವನ್ನು ಅವರೇ ಅಲ್ಲಿ ಹಾಕಬೇಕು. ಕಾಲೇಜಿನ ವಿಳಾಸ ಇಲ್ಲದಿದ್ದರೆ ಕೆಲವು ಕಡೆ ಅನುಮಾನದಿಂದ ನೋಡುತ್ತಾರೆ. ಪ್ರಾಂಶುಪಾಲರೇ, ಪ್ರಾಜೆಕ್ಟ್ ಮಾಡಿಸಿದ ಪ್ರತಿಯೊಬ್ಬರಿಗೂ, ಅತಿಥಿಯಾಗಲಿ ಕಾಯಂ ಆಗಲಿ, ಆ ಇಮೇಲ್ ಕೊಡಿಸಿ. ಅವರು ಕಾಲೇಜು ಬಿಡುವಾಗ ತಮ್ಮ ಪ್ರಾಜೆಕ್ಟ್ ಮಕ್ಕಳ ಬಗ್ಗೆ ತಲಾ ಒಂದು ಪುಟ ಬರೆದಿಟ್ಟು ಹೋಗಲಿ. ತೋಟ ಹೊಡೆದು ಹಾಕಿದ ದಿನವೇ ಬರೆದ ಸಾಲು ಇಲ್ಲದಿದ್ದರೆ ಈ ಮೇಷ್ಟ್ರಿಗೂ ನೆನಪಾಗುತ್ತಿರಲಿಲ್ಲ.

ಮೇಷ್ಟ್ರಿಗೆ ಬಂದಿದ್ದ ಲಿಂಕ್ ಸ್ಪ್ಯಾಮ್‌ನಲ್ಲಿ ಬಿದ್ದಿತ್ತು. ಕೊನೇ ದಿನಾಂಕಕ್ಕೆ ಎರಡು ದಿನ ಉಳಿದಿದ್ದಾಗ ಸಿಕ್ಕಿತು. ಈ ಸಲ ಹುಡುಗಿಗೆ ಸಂದರ್ಶನಕ್ಕೆ ಕರೆ ಬಂತು. ಕೂತ ಮೂವರಲ್ಲಿ ಒಬ್ಬರು ಕೇಳಿದ ಮೊದಲ ಪ್ರಶ್ನೆ, ‘ಆ ಎರಡು ತೋಟಕ್ಕೆ ಮತ್ತೆ ಯಾಕೆ ಹೋದೆ?’ ಅಂತ. ಅವರಿಗೆ ಅದು ಹೇಗೆ ಗೊತ್ತಾಯಿತು ಅಂತ ಅವಳು ಬೆರಗಾಗಿದ್ದಳಂತೆ.