ಬೀಗದ ಕೈ ಕೊಟ್ಟ ಮಾತ್ರಕ್ಕೆ ಚಾರ್ಜು ಕೊಟ್ಟಂತಲ್ಲ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ, ಸನಮಡಿಯ ಸುತ್ತಿನ ಹಳ್ಳಿಗಳನ್ನೂ ಒಳಗೊಂಡ ಈ ಗಡಿಸೀಮೆಯಲ್ಲಿ, ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳಿವೆ. ಮಕ್ಕಳು ಕಲಿಯುವುದು ಕನ್ನಡದಲ್ಲಿ. ಮೇಲಿನ ಕಚೇರಿಯ ಕಾಗದಪತ್ರಗಳು ನಡೆಯುವುದು ಮರಾಠಿಯಲ್ಲಿ. ಈ ಎರಡರ ನಡುವೆ ಸೇತುವೆಯಾಗಿ ನಿಂತವರು ಮುಖ್ಯಾಧ್ಯಾಪಕರು. ಹತ್ತು ಹನ್ನೆರಡು ವರ್ಷ ಒಂದೇ ಊರಿನಲ್ಲಿದ್ದ ಮುಖ್ಯಾಧ್ಯಾಪಕರಿಗೆ ಬದಲಿಯ ಆದೇಶ ಬಂದಾಗ, ಆ ಸೇತುವೆಯ ಗತಿಯೇನು ಎಂಬುದು ಈ ಲೇಖನದ ಪ್ರಶ್ನೆ.

ಪದ್ಧತಿಯಂತೆ ಚಾರ್ಜು ಪಟ್ಟಿಯೊಂದು ಸಿದ್ಧವಾಗುತ್ತದೆ. ಜನರಲ್ ರಜಿಸ್ಟರ್ ಇಷ್ಟು, ಹಾಜರಿ ಪುಸ್ತಕ ಇಷ್ಟು, ಕಿರ್ದಿ ಒಂದು, ಡೆಡ್‌ಸ್ಟಾಕ್ ವಹಿ ಒಂದು, ಕಪಾಟು ಎರಡು, ಬೀಗದ ಕೈಗಳು ಐದು ಎಂದು ಬರೆದು, ಕೊಡುವವರು ಮತ್ತು ಕೊಳ್ಳುವವರು ಸಹಿ ಮಾಡುತ್ತಾರೆ. ಈ ಪಟ್ಟಿ ಅವಶ್ಯವಾದುದೇ. ಆದರೆ ಅದು ವಸ್ತುಗಳ ಎಣಿಕೆ. ಪುಸ್ತಕ ಎಲ್ಲಿದೆ ಎಂದು ಅದು ಹೇಳುತ್ತದೆ. ಆ ಪುಸ್ತಕವನ್ನು ಹೇಗೆ ಓದಬೇಕೆಂದು ಹೇಳುವುದಿಲ್ಲ. ಯಾವ ಕೆಲಸ ಅರ್ಧಕ್ಕೆ ನಿಂತಿದೆ, ಏಕೆ ನಿಂತಿದೆ ಎಂಬುದಕ್ಕೂ ಅದರಲ್ಲಿ ಅಂಕಣವಿಲ್ಲ. ಆದ್ದರಿಂದ ಚಾರ್ಜು ಪಟ್ಟಿಯ ಜೊತೆಗೆ ಎರಡು ಮೂರು ಪುಟಗಳ ಹಸ್ತಾಂತರ ಟಿಪ್ಪಣಿಯೊಂದು ಇರಲೇಬೇಕು; ಅದು ಕನ್ನಡ ಮತ್ತು ಮರಾಠಿ ಎರಡರಲ್ಲಿಯೂ ಇರಬೇಕು.

ಇದಕ್ಕೆ ಕಾರಣವನ್ನು ಜನರಲ್ ರಜಿಸ್ಟರಿನಿಂದಲೇ ತಿಳಿಯಬಹುದು. ಮಗು ಶಾಲೆಗೆ ಸೇರಿದ ದಿನ ಅದರ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಜಾತಿ, ಜನ್ಮದಿನಾಂಕ ಇದರಲ್ಲಿ ದಾಖಲಾಗುತ್ತವೆ. ಶಾಲೆ ಬಿಟ್ಟ ದಾಖಲೆಯನ್ನು ಬರೆಯುವುದು ಇದನ್ನು ನೋಡಿಯೇ. ಮಗು ಶಾಲೆ ಬಿಟ್ಟ ಮೇಲೆ ಈ ನೋಂದಣಿಯನ್ನು ಮುಖ್ಯಾಧ್ಯಾಪಕರು ತಾವಾಗಿ ತಿದ್ದುವಂತಿಲ್ಲ. ಮೇಲಧಿಕಾರಿಗಳ ಮಂಜೂರಾತಿ ಬೇಕು. ಇನ್ನೂ ಒಂದು ಮಾತಿದೆ. ಮಹಾರಾಷ್ಟ್ರದಲ್ಲಿ ಇತರ ಹಿಂದುಳಿದ ವರ್ಗದ ಜಾತಿ ಪ್ರಮಾಣಪತ್ರಕ್ಕೆ 1967ರ ಅಕ್ಟೋಬರ್ 13ಕ್ಕಿಂತ ಹಿಂದಿನ ಪುರಾವೆಯನ್ನು ಕೇಳುತ್ತಾರೆ. ಹೊಲವಿಲ್ಲದ, ಮನೆಯಲ್ಲಿ ಕಾಗದವಿಲ್ಲದ ಕುಟುಂಬಕ್ಕೆ ಅಜ್ಜ ಒಂದನೆಯ ಇಯತ್ತೆಗೆ ಸೇರಿದಾಗ ಮಾಸ್ತರರು ಬರೆದ ಒಂದು ಸಾಲೇ ಆ ಪುರಾವೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮೊಮ್ಮಗಳಿಗೆ ನರ್ಸಿಂಗ್ ಪ್ರವೇಶಕ್ಕೆ ಜಾತಿ ಪ್ರಮಾಣಪತ್ರ ಬೇಕಾಗಿದೆ. ಅಜ್ಜನ ನೋಂದಣಿಯ ಉತಾರೆ ಕೇಳಲು ತಂದೆ ಶಾಲೆಗೆ ಬರುತ್ತಾನೆ. ಹೊಸ ಮುಖ್ಯಾಧ್ಯಾಪಕರು ಬಂದು ಹದಿನೈದು ದಿನವಾಗಿದೆ. ಚಾರ್ಜು ಪಟ್ಟಿಯಲ್ಲಿ ಜನರಲ್ ರಜಿಸ್ಟರ್ ನಾಲ್ಕು ಎಂದಿದೆ. ನಾಲ್ಕನ್ನೂ ತೆಗೆದು ನೋಡುತ್ತಾರೆ. 1960ರ ಸುಮಾರಿನ ಹಾಳೆಗಳೇ ಇಲ್ಲ. ದಾಖಲೆ ದೊರೆಯಲಿಲ್ಲ ಎಂದು ಬರೆದುಕೊಡುತ್ತಾರೆ. ಅವರು ಸುಳ್ಳು ಹೇಳಿಲ್ಲ. ಆದರೆ ಹಳೆಯ ರಜಿಸ್ಟರಿನ ಹೊಲಿಗೆ ಬಿಚ್ಚಿದ್ದರಿಂದ ಅದರ ಹಾಳೆಗಳನ್ನು ಎರಡನೆಯ ರಜಿಸ್ಟರಿನ ಹಿಂಬದಿಗೆ, ವರ್ಷದ ಕ್ರಮ ತಪ್ಪಿಸಿ, ಸೇರಿಸಿ ಕಟ್ಟಿಸಲಾಗಿತ್ತು. ಇದು ಹಿಂದಿನ ಮುಖ್ಯಾಧ್ಯಾಪಕರಿಗೆ ಗೊತ್ತಿತ್ತು. ಅವರಿಗೆ ಗೊತ್ತಿತ್ತೆಂಬ ಕಾರಣಕ್ಕೇ ಅದನ್ನು ಎಲ್ಲಿಯೂ ಬರೆದಿರಲಿಲ್ಲ. ಒಂದು ಸಾಲಿನ ಟಿಪ್ಪಣಿ ಇಲ್ಲದಿದ್ದುದರಿಂದ ಒಂದು ಹುಡುಗಿಯ ವರ್ಷ ಹೋಯಿತು.

ಹಾಳೆ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಅಲ್ಲಿಗೂ ತೊಡಕು ಮುಗಿಯುವುದಿಲ್ಲ. ಇಲ್ಲಿ ಕನ್ನಡದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಯಿದೆ. ಕನ್ನಡದಲ್ಲಿ ಎ, ಏ ಬೇರೆ ಬೇರೆ. ಒ, ಓ ಬೇರೆ ಬೇರೆ. ಮರಾಠಿ ಬರೆಯುವ ದೇವನಾಗರಿಯ ರೂಢಿಯಲ್ಲಿ ಆ ಭೇದಕ್ಕೆ ಪ್ರತ್ಯೇಕ ಅಕ್ಷರವಿಲ್ಲ. ಮರಾಠಿಯ ಉಚ್ಚಾರದಲ್ಲಿ ಪದದ ಕೊನೆಯ ಅಕಾರ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಅದು ಬೀಳದಿರಲೆಂದು ಬರೆಯುವವರು ದೀರ್ಘವನ್ನು ಸೇರಿಸುತ್ತಾರೆ. ಹೀಗಾಗಿ ಕನ್ನಡ ರಜಿಸ್ಟರಿನ ಚೆನ್ನವ್ವ ಮರಾಠಿ ಕಾಗದದಲ್ಲಿ ಚನ್ನವ್ವಾ ಆಗುತ್ತಾಳೆ, ಮತ್ತೊಬ್ಬ ಕಾರಕೂನರ ಕೈಯಲ್ಲಿ ಚೇನವ್ವಾ ಆಗುತ್ತಾಳೆ. ಹೆಸರಿನ ಕ್ರಮವೂ ಬದಲಾಗುತ್ತದೆ. ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಬರೆದಿದ್ದನ್ನು ಅಡ್ಡಹೆಸರು ಮೊದಲು ಬರುವ ನಮೂನೆಗೆ ಇಳಿಸುವಾಗ ತಂದೆಯ ಹೆಸರು ಮಗಳ ಹೆಸರಿನ ಸ್ಥಾನಕ್ಕೆ ಬಂದು ಕುಳಿತ ಪ್ರಸಂಗಗಳೂ ಉಂಟಾಗಬಹುದು. ಇಬ್ಬರೂ ಒಬ್ಬರೇ ಎಂದು ಸಾಧಿಸುವ ಭಾರ ಕೊನೆಗೆ ಬೀಳುವುದು ಆ ಕುಟುಂಬದ ಮೇಲೆ.

ಅನುಭವಿ ಮುಖ್ಯಾಧ್ಯಾಪಕರೊಬ್ಬರು ಇಂಥ ಹೆಸರುಗಳನ್ನು ದೇವನಾಗರಿಗೆ ಇಳಿಸಲು ತಮ್ಮದೇ ಒಂದು ನಿಯಮ ಇಟ್ಟುಕೊಂಡಿರುತ್ತಾರೆ: ಒತ್ತಕ್ಷರವನ್ನು ಬಿಡಬಾರದು, ಕೊನೆಗೆ ದೀರ್ಘ ಬರೆಯಬೇಕು, ಆಧಾರ್ ಕಾರ್ಡಿನ ರೂಪ ಬೇರೆಯಿದ್ದರೆ ಅದನ್ನು ಷರಾ ಅಂಕಣದಲ್ಲಿ ಸೂಚಿಸಬೇಕು. ಈ ನಿಯಮ ಅವರ ತಲೆಯಲ್ಲಿರುವವರೆಗೆ ಶಾಲೆಯ ದಾಖಲೆಗಳಲ್ಲಿ ಒಂದು ಏಕರೂಪತೆ ಇರುತ್ತದೆ. ಅವರು ಹೋದ ಮರುದಿನ ಇನ್ನೊಂದು ನಿಯಮ ಆರಂಭವಾಗುತ್ತದೆ. ಅಕ್ಕ ಒಂದು ಬರಹದಲ್ಲಿ, ತಂಗಿ ಇನ್ನೊಂದು ಬರಹದಲ್ಲಿ ಶಾಲೆ ಬಿಡುತ್ತಾರೆ. ಆದ್ದರಿಂದ ಟಿಪ್ಪಣಿಯ ಮೊದಲ ಭಾಗ ಇದೇ ಆಗಿರಬೇಕು: ಯಾವ ವರ್ಷದ ನೋಂದಣಿ ಯಾವ ರಜಿಸ್ಟರಿನ ಎಷ್ಟನೆಯ ಪುಟದಿಂದ ಎಷ್ಟನೆಯ ಪುಟದವರೆಗೆ ಇದೆ, ಯಾವ ಭಾಗ ಕನ್ನಡದಲ್ಲಿ, ಯಾವ ಭಾಗ ಮರಾಠಿಯಲ್ಲಿ ಇದೆ, ಹೆಸರುಗಳನ್ನು ಬದಲಿಸಿ ಬರೆಯುವ ರೂಢಿ ಯಾವುದು ಎಂಬ ವಿವರ.

ಎರಡನೆಯ ಭಾಗ ಅರ್ಧಕ್ಕೆ ನಿಂತ ಕೆಲಸಗಳದು. ಇಲ್ಲಿ ಶಾಲಾ ಪೋಷಣ ಆಹಾರದ ಅಕ್ಕಿಯನ್ನೇ ನೋಡಬಹುದು. ಒಂದರಿಂದ ಐದನೆಯ ಇಯತ್ತೆಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯದ ಲೆಕ್ಕ. ಹಾಜರಿ 58 ಇದ್ದರೆ ಆ ದಿನದ ಖರ್ಚು 5 ಕಿಲೋ 800 ಗ್ರಾಂ. ಹಿಂದಿನ ಶಿಲ್ಕು, ಬಂದ ಧಾನ್ಯ, ಖರ್ಚು, ಉಳಿಕೆ ಎಂದು ವಹಿಯಲ್ಲಿ ದಿನವೂ ಬರೆಯಬೇಕು. ಚಾರ್ಜು ಕೊಡುವ ದಿನ ವಹಿಯ ಉಳಿಕೆ 174 ಕಿಲೋ ಎಂದಿದೆ ಎನ್ನೋಣ. ಹೊಸಬರು ಸಹಿ ಮಾಡುತ್ತಾರೆ. ತಿಂಗಳ ಮೇಲೆ ತಪಾಸಣೆಗೆ ಬಂದ ಅಧಿಕಾರಿಗಳು ಚೀಲಗಳನ್ನು ತೂಗಿಸಿದಾಗ 14 ಕಿಲೋ ಕಡಿಮೆ ಬರುತ್ತದೆ. ಕಳವಾಗಿಲ್ಲ, ಪಕ್ಕದ ಶಾಲೆಗೆ ಅಕ್ಕಿ ತಡವಾಗಿ ಬಂದಾಗ ಹಿಂದಿನವರು ಬಾಯಿಮಾತಿನ ಮೇಲೆ ಕೈಗಡ ಕೊಟ್ಟಿದ್ದರು. ಮಕ್ಕಳು ಹಸಿದಿರಬಾರದೆಂದು ಮಾಡಿದ ಒಳ್ಳೆಯ ಕೆಲಸವೇ ಅದು. ಆದರೂ ಜವಾಬು ಕೊಡಬೇಕಾದವರು ಸಹಿ ಮಾಡಿದ ಹೊಸಬರು. ಚೀಲಗಳನ್ನು ತೂಗದೆ ಉಳಿಕೆಗೆ ಸಹಿ ಮಾಡಬಾರದು. ವ್ಯತ್ಯಾಸ ಬಂದರೆ ಅದರ ಕಾರಣವನ್ನು ಟಿಪ್ಪಣಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು.

ಇದೇ ಭಾಗದಲ್ಲಿ ಬ್ಯಾಂಕಿನ ಮಾತೂ ಬರಬೇಕು. ಶಾಲಾ ವ್ಯವಸ್ಥಾಪನ ಸಮಿತಿಯ ಖಾತೆ ಅಧ್ಯಕ್ಷರ ಮತ್ತು ಮುಖ್ಯಾಧ್ಯಾಪಕರ ಜಂಟಿ ಸಹಿಯಿಂದ ನಡೆಯುತ್ತದೆ. ಹೊಸಬರ ಸಹಿ ಬ್ಯಾಂಕಿನಲ್ಲಿ ಬದಲಾಗಬೇಕಾದರೆ ಮೊದಲು ಸಮಿತಿಯ ಸಭೆ ಸೇರಿ ಠರಾವು ಆಗಬೇಕು. ಹಳಬರು ಹೋದ ಮೇಲೆ ಸಭೆ ಕರೆದರೆ, ಆ ನಡುವಿನ ದಿನಗಳಲ್ಲಿ ಕೊಡಬೇಕಾದ ಹಣ ಕೊಡಲಾಗದೆ ನಿಲ್ಲುತ್ತದೆ. ಕಾರ್ಯಮುಕ್ತರಾಗುವ ಮೊದಲೇ ಸಭೆ ಕರೆಯುವುದು ಹಳಬರ ಕೊನೆಯ ಕೆಲಸವಾಗಬೇಕು. ಗುಪ್ತಪದಗಳನ್ನು ಮಾತ್ರ ಟಿಪ್ಪಣಿಯಲ್ಲಿ ಬರೆಯಬಾರದು. ಆನ್‌ಲೈನ್ ಖಾತೆಗಳಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ಹಳಬರದ್ದೇ ಆಗಿದ್ದರೆ, ಅವರು ಇನ್ನೂ ಊರಲ್ಲಿರುವಾಗಲೇ ಅದನ್ನು ಬದಲಿಸಿ, ಹೊಸಬರ ಎದುರಿಗೇ ಹೊಸ ಗುಪ್ತಪದ ಮಾಡಿಸಬೇಕು.

ಇದಕ್ಕೆ ಎರಡು ಆಕ್ಷೇಪಣೆಗಳು ಬರುತ್ತವೆ. ಆದೇಶ ಬಂದ ಮೇಲೆ ಸಮಯವೆಲ್ಲಿರುತ್ತದೆ ಎಂಬುದು ಮೊದಲನೆಯದು. ಇದು ನಿಜ, ಅದಕ್ಕಾಗಿಯೇ ಟಿಪ್ಪಣಿಯನ್ನು ಹೋಗುವಾಗ ಬರೆಯುವ ರೂಢಿ ತಪ್ಪು. ಪ್ರತಿ ಶೈಕ್ಷಣಿಕ ವರ್ಷದ ಕೊನೆಗೆ ಒಂದು ಪುಟ ಬರೆದಿಟ್ಟರೆ, ಆದೇಶ ಬಂದ ದಿನ ದಿನಾಂಕಗಳನ್ನಷ್ಟೇ ತಿದ್ದಿದರೆ ಸಾಕು. ಎರಡನೆಯ ಆಕ್ಷೇಪಣೆ ಹೆಚ್ಚು ಗಂಭೀರವಾದುದು: ಅರ್ಧಕ್ಕೆ ನಿಂತ ಕೆಲಸವನ್ನು ಬರೆದುಕೊಟ್ಟರೆ ತನ್ನ ತಪ್ಪಿಗೆ ತಾನೇ ಸಾಕ್ಷಿ ಕೊಟ್ಟಂತಾಗುವುದಿಲ್ಲವೇ? ಈ ಭಯವನ್ನು ಅಲ್ಲಗಳೆಯುವಂತಿಲ್ಲ. ಆದರೆ 14 ಕಿಲೋ ಅಕ್ಕಿಯ ಕೈಗಡವನ್ನು ಹೋಗುವ ದಿನ ಬರೆದರೆ ಅದು ವಿವರಣೆಯಾಗುತ್ತದೆ. ತಪಾಸಣೆಯ ದಿನ ಹೊರಬಂದರೆ ಆರೋಪವಾಗುತ್ತದೆ. ಕೇಂದ್ರಪ್ರಮುಖರು ಚಾರ್ಜು ಪಟ್ಟಿಯನ್ನು ನೋಡುವಾಗ ಟಿಪ್ಪಣಿಯನ್ನೂ ಕೇಳುವ ಪದ್ಧತಿ ಬಂದರೆ, ಅದು ಯಾರೊಬ್ಬರ ತಪ್ಪೊಪ್ಪಿಗೆಯಂತೆ ಕಾಣದೆ ಎಲ್ಲರ ಕರ್ತವ್ಯವಾಗುತ್ತದೆ.

ಟಿಪ್ಪಣಿ ಸಾಕಷ್ಟಿದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಹಳಬರು ಪಕ್ಕದಲ್ಲಿ ಮೌನವಾಗಿ ಕುಳಿತಿರಲಿ. ಹೊಸಬರು ಟಿಪ್ಪಣಿಯನ್ನಷ್ಟೇ ಓದಿಕೊಂಡು ಎರಡು ಕೆಲಸ ಮಾಡಲಿ: ಅರವತ್ತು ವರ್ಷ ಹಿಂದಿನ ಒಂದು ಹೆಸರನ್ನು ಹುಡುಕಲಿ, ಒಂದು ಮಗುವಿನ ಶಾಲೆ ಬಿಟ್ಟ ದಾಖಲೆಯ ಕರಡನ್ನು ಬರೆಯಲಿ. ಎಲ್ಲಿ ಅವರು ತಲೆಯೆತ್ತಿ ಹಳಬರ ಮುಖ ನೋಡುತ್ತಾರೋ ಅಲ್ಲಿ ಟಿಪ್ಪಣಿಗೆ ಒಂದು ಸಾಲು ಸೇರಬೇಕು. ಒಂದು ಬೆಳಗಿನಲ್ಲಿ ಮುಗಿಯುವ ಕೆಲಸವಿದು.

ಬರೆಯಲಾಗದ ಸಂಗತಿಗಳೂ ಇವೆ. ಯಾವ ಮನೆಯವರು ಸುಗ್ಗಿಗೆ ಕಬ್ಬು ಕಡಿಯಲು ಹೋಗುತ್ತಾರೆ, ಆಗ ಮಗುವನ್ನು ಅಜ್ಜಿಯ ಹತ್ತಿರ ಬಿಡಲು ಯಾರು ಹೇಳಿದರೆ ಕೇಳುತ್ತಾರೆ ಎಂಬುದನ್ನು ಕಾಗದಕ್ಕೆ ಇಳಿಸಿದರೆ ಅದು ಚಾಡಿಯಾಗಬಹುದು. ಅದಕ್ಕೆ ಹಳಬರು ಹೊಸಬರನ್ನು ಕರೆದುಕೊಂಡು ಒಂದು ಸಂಜೆ ಓಣಿಗಳಲ್ಲಿ ನಡೆಯಬೇಕು, ಕನ್ನಡದಲ್ಲಿಯೇ ಪರಿಚಯ ಮಾಡಿಕೊಡಬೇಕು.

ಕನ್ನಡ ಓದುವವರಿಗೆ ಇಂಥ ಹಸ್ತಾಂತರದ ಒಂದು ದೊಡ್ಡ ಮಾದರಿ ಕಣ್ಣೆದುರಿಗೇ ಇದೆ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂದಿತು, ಎಂಟನೆಯದು 1995ರಲ್ಲಿ. ಅದರ ಹಿಂದಿನ ಸಿದ್ಧತೆ ಇನ್ನೂ ದಶಕಗಳದು. ಅಷ್ಟು ಕಾಲದಲ್ಲಿ ದುಡಿದವರು ಬದಲಾದರು, ಕೆಲಸ ನಿಲ್ಲಲಿಲ್ಲ. ಪದವಷ್ಟೇ ಅಲ್ಲದೆ ಅದರ ಪ್ರಯೋಗವೂ ಆಕರವೂ ಜೊತೆಗೇ ದಾಖಲಾಗಿದ್ದುದರಿಂದ ಮುಂದಿನವರು ಹಿಂದಿನವರನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಗಡಿಯ ಕನ್ನಡ ಶಾಲೆಯ ರಜಿಸ್ಟರೂ ಒಂದು ಬಗೆಯ ನಿಘಂಟೇ. ಅದರಲ್ಲಿರುವುದು ಊರಿನ ಹೆಸರುಗಳು. ನಾಳೆ ಇಂಥ ಶಾಲೆಗಳಿಗೆ ಮಾಸ್ತರರಾಗಿ, ಬಾಯಿಯವರಾಗಿ ಹೋಗುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಚಾರ್ಜು ತೆಗೆದುಕೊಳ್ಳುವ ದಿನ ಬೀಗದ ಕೈಗಳನ್ನು ಎಣಿಸಿಕೊಳ್ಳಲಿ. ಆಮೇಲೆ, ಸಹಿ ಮಾಡುವ ಮುನ್ನ, ಹಳೆಯ ರಜಿಸ್ಟರನ್ನು ತೆರೆದು, ಚೆನ್ನವ್ವನ ಹೆಸರು ಎಲ್ಲಿದೆ ಎಂದು ಕೇಳಲಿ.