ಸೀನಿಯರ್ ನೋಟ್ಸ್‌ನಲ್ಲಿ ‘ಎಂ.ಎಸ್.’ ಎಂದಿದ್ದರೆ ಏನೆಂದು ಓದಬೇಕು?

ಮೆಡಿಕಲ್ ಪರೀಕ್ಷೆ ಹತ್ತಿರ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಸೀನಿಯರ್‌ಗಳ ಕೈಬರಹದ ನೋಟ್ಸ್ ಪಿಡಿಎಫ್ ಆಗಿ ಓಡಾಡತೊಡಗುತ್ತದೆ. ಬರೆದವರಿಗೆ ಅದು ನೆನಪಿನ ಚೀಟಿ. ಆ ತರಗತಿಯಲ್ಲಿ ಕೂರದವರಿಗೆ ಒಗಟು. ಸಂಕ್ಷೇಪಾಕ್ಷರಗಳ ಪಟ್ಟಿಯೊಂದು ಸಿಕ್ಕರೆ ಸಾಕು, ಒಗಟು ಬಿಡಿಸಬಹುದು ಎಂದು ಹಲವರು ನಂಬಿದ್ದಾರೆ. ಇದು ಅರ್ಧ ಸತ್ಯ.

‘ಎಂ.ಎಸ್.’ ಅನ್ನೇ ನೋಡಿ. ಹೃದಯದ ಪಾಠದಲ್ಲಿ ಅದು ಮೈಟ್ರಲ್ ಸ್ಟೆನೋಸಿಸ್, ಅಂದರೆ ಹೃದಯದ ಎಡಭಾಗದ ಮೈಟ್ರಲ್ ಕವಾಟ ಕಿರಿದಾಗುವ ಕಾಯಿಲೆ. ನರರೋಗದ ಪಾಠದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್. ಔಷಧಿಯ ಸಾಲಿನಲ್ಲಿ ಮಾರ್ಫಿನ್ ಸಲ್ಫೇಟ್. ಪಟ್ಟಿ ಮೂರನ್ನೂ ಕೊಡುತ್ತದೆ, ಯಾವುದೆಂದು ಹೇಳುವುದಿಲ್ಲ. ಹೇಳುವುದು ಅಕ್ಕಪಕ್ಕದ ಅಕ್ಷರಗಳು.

ಪುಟದಲ್ಲಿ ಹೀಗೊಂದು ಸಾಲು ಇದೆ ಎನ್ನಿ: ಎಂ.ಎಸ್. → ಎಲ್.ಎ. ↑ → ಪಿ.ಎಚ್. ಇಲ್ಲಿ ‘ಎಲ್.ಎ.’ ಎಡ ಹೃತ್ಕರ್ಣವಾದರೆ ಸರಪಳಿ ತಾನಾಗಿ ಕೂಡಿಕೊಳ್ಳುತ್ತದೆ. ಕವಾಟ ಕಿರಿದಾದಾಗ ರಕ್ತ ಮುಂದೆ ಹೋಗಲಾಗದೆ ಎಡ ಹೃತ್ಕರ್ಣದ ಒತ್ತಡ ಏರುತ್ತದೆ, ಅದು ಹಿಂದಕ್ಕೆ ಶ್ವಾಸಕೋಶದ ರಕ್ತನಾಳಗಳಿಗೂ ತಟ್ಟುತ್ತದೆ. ಹಾಗಾಗಿ ‘ಪಿ.ಎಚ್.’ ಎಂದರೆ ಪಲ್ಮನರಿ ಹೈಪರ್‌ಟೆನ್ಷನ್. ಆಮ್ಲ-ಕ್ಷಾರ ಅಳೆಯುವ ಪಿಎಚ್ ಅಲ್ಲ.

ಪಕ್ಕದಲ್ಲಿ ಅರ್ಧಕ್ಕೆ ನಿಂತ ಚಿತ್ರ: ಒಂದು ಎತ್ತರದ ಗುಡ್ಡ, ಅದರ ಬುಡದ ಬಳಿ ಇನ್ನೊಂದು ಗೆರೆ, ನಡುವೆ ಶೇಡ್ ಮಾಡಿದ ಜಾಗ. ಹೆಸರಿಲ್ಲ, ಅಕ್ಷಗಳಿಲ್ಲ. ಆದರೂ ಓದಬಹುದು. ಗುಡ್ಡ ಎಡ ಹೃತ್ಕುಕ್ಷಿಯ ಒತ್ತಡ, ಕೆಳಗಿನ ಗೆರೆ ಎಡ ಹೃತ್ಕರ್ಣದ್ದು. ಹೃತ್ಕುಕ್ಷಿ ಸಡಿಲಗೊಂಡು ರಕ್ತ ತುಂಬಿಕೊಳ್ಳುವಾಗ ಇವೆರಡೂ ಹೆಚ್ಚುಕಡಿಮೆ ಕೂಡಿಕೊಂಡೇ ಸಾಗಬೇಕು. ಅಲ್ಲಿ ಅಂತರ ಬಿದ್ದಿದ್ದರೆ ಮೈಟ್ರಲ್ ಸ್ಟೆನೋಸಿಸ್. ಅಂತರ ಗುಡ್ಡದ ತುದಿಯಲ್ಲಿದ್ದಿದ್ದರೆ ಅದು ಮಹಾಪಧಮನಿಯ ಕವಾಟದ ಚಿತ್ರವಾಗುತ್ತಿತ್ತು. ಅಕ್ಷರದಿಂದ ಒಂದು, ಚಿತ್ರದಿಂದ ಒಂದು, ಹೀಗೆ ಎರಡು ಸಾಕ್ಷಿಗಳು ಒಂದನ್ನೇ ಹೇಳಿದಾಗ ಮಾತ್ರ ನಂಬುವುದು ಒಳ್ಳೆಯದು.

ಇನ್ನು ಸ್ಕ್ಯಾನ್ ಮಾಡುವ ಕಿತಾಪತಿ. ಫೋನಿನ ಸ್ಕ್ಯಾನರ್‌ನ ಕಪ್ಪು-ಬಿಳುಪು ಮೋಡ್ ಮಸುಕಾದುದನ್ನೆಲ್ಲ ಬಿಳಿ ಮಾಡಿಬಿಡುತ್ತದೆ. ಮೊದಲು ಮಾಯವಾಗುವುದು ಪೆನ್ಸಿಲ್ ಗೆರೆ ಮತ್ತು ದಶಾಂಶ ಬಿಂದು. ಅದೇ ಪುಟದಲ್ಲಿ ‘ಕವಾಟದ ವಿಸ್ತೀರ್ಣ 15 ಚ.ಸೆಂ.ಮೀ., ತೀವ್ರ’ ಎಂದು ಕಂಡರೆ ನಿಲ್ಲಿ. ಆರೋಗ್ಯವಂತರಲ್ಲೇ ಅದು 4ರಿಂದ 6 ಚ.ಸೆಂ.ಮೀ. ಇರುತ್ತದೆ, ಕಿರಿದಾದ ಕವಾಟ 15 ಆಗುವುದೆಲ್ಲಿಂದ? ಅದು 1.5. ಮೂಲ ಪುಸ್ತಕ ಸಿಕ್ಕರೆ ಬಣ್ಣದ ಮೋಡ್‌ನಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ, ಬಿಂದು ಹೆಚ್ಚಾಗಿ ಮರಳಿ ಸಿಗುತ್ತದೆ.

ಔಷಧಿಯ ಪ್ರಮಾಣಕ್ಕೆ ಮಾತ್ರ ಈ ಪತ್ತೇದಾರಿ ಬೇಡ. ಅವಸರದ ಕೈಬರಹದಲ್ಲಿ ಮೈಕ್ರೋಗ್ರಾಂನ ‘ಮ್ಯೂ’ ಮಿಲಿಗ್ರಾಂನ ‘ಎಂ’ ಆಗಿ ಕಾಣುತ್ತದೆ, ವ್ಯತ್ಯಾಸ ಸಾವಿರ ಪಟ್ಟು. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಬಳಸಬಾರದ ಸಂಕ್ಷೇಪಗಳ ಪಟ್ಟಿಯನ್ನೇ ಮಾಡಿದೆ, ನಮ್ಮ ‘ಎಂ.ಎಸ್.’ ಕೂಡ ಅದರಲ್ಲಿದೆ, ಮಾರ್ಫಿನ್ ಮತ್ತು ಮೆಗ್ನೀಷಿಯಂ ಸಲ್ಫೇಟ್ ಅದಲುಬದಲಾಗುತ್ತವೆ ಎಂಬ ಕಾರಣಕ್ಕೆ. ಇಂಥ ಸಾಲುಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಪ್ರಮಾಣವನ್ನು ಪಠ್ಯಪುಸ್ತಕದಿಂದಲೇ ಬರೆದುಕೊಳ್ಳಿ.