64 ಅಲ್ಲ, 63 ಇರಬೇಕಿತ್ತು!

ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾಗ ವರ್ಕ್‌ಶೀಟಿನ ಒಂದು ಪ್ರಶ್ನೆ ನನ್ನನ್ನು ಅರ್ಧ ಗಂಟೆ ಕಾಡಿತು: 3, 7, 15, 31, 64, ? ಆಯ್ಕೆಗಳು: 125, 127, 129, 131.

ಹಿಂದಿನ ಸಂಖ್ಯೆಯನ್ನು ಎರಡರಿಂದ ಗುಣಿಸಿ ಒಂದು ಕೂಡಿಸಿದರೆ 7, 15, 31 ಸರಿಯಾಗಿ ಬರುತ್ತವೆ. ಮುಂದಿನದು 63 ಆಗಬೇಕು, ಅಚ್ಚಾಗಿದ್ದು 64. ಅಚ್ಚಾದದ್ದನ್ನೇ ನಂಬಿ ಲೆಕ್ಕ ಮಾಡಿದರೆ 129, ತಿದ್ದಿಕೊಂಡರೆ 127. ಎರಡೂ ಆಯ್ಕೆಯಲ್ಲಿವೆ!

ನಾನು 129 ಗುರುತಿಸಿದ್ದೆ. ಕೀ ಉತ್ತರ 127. ಸಿಟ್ಟು ಇಳಿದ ಮೇಲೆ ಕಾರಣ ಹೊಳೆಯಿತು. 64ರ ಹತ್ತಿರ ಒಮ್ಮೆ ಮುರಿದ ನಿಯಮವನ್ನೇ ನಾನು ಮತ್ತೆ ಬಳಸಿದ್ದೆ. 127ರಲ್ಲಾದರೆ ಒಂದೇ ಅಂಕಿ ತಿದ್ದಿದರೆ ಇಡೀ ಸರಣಿ ಕೂಡುತ್ತದೆ. ಎರಡು ಮೂರು ಸಂಖ್ಯೆಗಳನ್ನು ತಿದ್ದಬೇಕಾಗಿ ಬಂದರೆ ತಪ್ಪು ಅಚ್ಚಿನದಲ್ಲ, ನಾವು ಹಿಡಿದ ನಿಯಮದ್ದೇ ಇರಬಹುದು.

ಪರೀಕ್ಷೆಯಲ್ಲಿ ಇಂಥದ್ದು ಬಂದರೆ ಈಗ ನಾನು ಕಡಿಮೆ ತಿದ್ದುಪಡಿ ಬೇಡುವ ಉತ್ತರ ಗುರುತಿಸಿ ಮುಂದೆ ಹೋಗುತ್ತೇನೆ. ಮನೆಗೆ ಬಂದೊಡನೆ ಪ್ರಶ್ನೆ ಸಂಖ್ಯೆ, ಎರಡೂ ಲೆಕ್ಕ ಬರೆದಿಡುತ್ತೇನೆ. ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕೇಳಿದಾಗ ಕೆಲಸಕ್ಕೆ ಬರುವುದು ಆ ಚೀಟಿಯೇ. 'ಪ್ರಶ್ನೆ ತಪ್ಪಿದೆ' ಎಂದಷ್ಟೇ ಬರೆದರೆ ಸಾಲದು. 63 ಏಕೆ ಬರಬೇಕಿತ್ತು ಎಂದು ಲೆಕ್ಕ ತೋರಿಸಬೇಕು. ಒಂದು ಅಂಕದಲ್ಲಿ ನೌಕರಿ ಕೈತಪ್ಪುವ ನಮಗೆ ಆ ಎರಡು ಸಾಲು ದುಬಾರಿಯಲ್ಲ.